ಅಂಗಳದ ಫೋಟೊಗೆ 9 ಅಡಿ ದೀಪಸ್ತಂಭ ಸೇರ್ಸೋದು: ಬಾಗಿಲು ನೋಡೋದಾ, ಕಾರ್ ನೋಡೋದಾ?

ಕೇಳಿದವರು, ಚಿಕ್ಕಮಗಳೂರು: ಮೂಡಿಗೆರೆ ಕಡೆ ಹೋಮ್‌ಸ್ಟೇಯವ್ರು ಅಂಗಳದಲ್ಲಿ 9 ಅಡಿ ಕಲ್ಲಿನ ದೀಪಸ್ತಂಭ ನಿಲ್ಸಿದ್ರೆ ಹೆಂಗ್ ಕಾಣುತ್ತೆ ಫೋಟೊದಲ್ಲೇ ಮಾಡಿ ತೋರ್ಸಿ ಅಂದಿದಾರೆ. ಬಾಗಿಲ ಲೆಕ್ಕ ಹಿಡಿದ್ರೆ ಕಂಬ ಸಣ್ಣ, ಮುಂದೆ ನಿಂತಿರೋ ಸ್ವಿಫ್ಟ್ ಲೆಕ್ಕ ಹಿಡಿದ್ರೆ ಸಿಕ್ಕಾಪಟ್ಟೆ ದೊಡ್ಡದು. ಕಂಬ ಬರೋದು ಎರಡರ ಮಧ್ಯೆ. ಅನುಭವ ಇದ್ದೋರು ಹೇಳಿ.

ಬೇಲೂರು, ಫ್ಲೆಕ್ಸ್ ಕೆಲಸ: 9 ಅಡಿ ಅಂದ್ರೆ ಫೈಲ್ ಸೈಜ್ ದೊಡ್ಡದಾಗುತ್ತೆ ಸರ್, ಕಾಲು ಅಳತೆಗೆ ಮಾಡ್ಕೊಂಡು ಪ್ರಿಂಟ್‌ನಲ್ಲಿ ನಾಕು ಪಟ್ಟು ಮಾಡಿ, ನಾವು ಹಂಗೇ ಮಾಡೋದು.

ಕೇಳಿದವರು: ಪ್ರಿಂಟ್ ಅಲ್ಲ ಅಣ್ಣ, ಮೊಬೈಲಲ್ಲೇ ನೋಡೋದು. ಫೋಟೊ ಒಳಗೆ ಕಂಬ ಎಷ್ಟು ಎತ್ತರ ಕಾಣ್ಬೇಕು ಅನ್ನೋದು ನನ್ ತಲೆನೋವು.

ಹಾಸನ, ಸ್ಟುಡಿಯೊ: ಎರಡರ ಸರಾಸರಿ ತಗೊಳ್ಳಿ ಸಾಕು. ಮಧ್ಯೆ ಇರೋ ವಸ್ತುಗೆ ಮಧ್ಯದ ಅಳತೆ. ಗ್ರೂಪ್ ಫೋಟೊಗೆ ಬರ್ದೇ ಇದ್ದ ಸೋದರಮಾವನ್ನ ಸೇರ್ಸೋವಾಗ ನಾನು ಹಿಂದಿನ ಸಾಲು ಮುಂದಿನ ಸಾಲು ನೋಡಿ ಹಂಗೇ ಮಾಡಿದ್ದೆ, ಯಾರಿಗೂ ಗೊತ್ತಾಗ್ಲಿಲ್ಲ.

ಚಿಕ್ಕಮಗಳೂರು, ಮನೆ ಡಿಸೈನ್: ಸರಾಸರಿ ಆಗೋದು ಕಂಬದ ಬುಡ ಫೋಟೊದಲ್ಲಿ ಸರಿಯಾಗಿ ಅರ್ಧಕ್ಕೆ ಬಂದ್ರೆ ಮಾತ್ರ ಸರ್. ಕೇಳಿದವ್ರೇ, ಫೋಟೊದ ಮೇಲಿನ ಅಂಚಿಂದ ಎಷ್ಟು ಪಿಕ್ಸೆಲ್ ಕೆಳಗೆ ಏನೇನಿದೆ ಹಾಕಿ.

ಕೇಳಿದವರು: ಬಾಗಿಲ ಮೇಲ್ತುದಿ 1320, ಹೊಸ್ತಿಲು 1740. ಬಾಗಿಲು 7 ಅಡಿ, ಮಾಲೀಕ್ರೇ ಟೇಪ್ ಹಿಡಿದು ಹೇಳಿದ್ದು. ಕಾರ್ ರೂಫ್ 1500, ಟೈರ್ ನೆಲ ಮುಟ್ಟೋದು 1940. ಕಂಬದ ಬುಡ 1830ಕ್ಕೆ ಬರ್ಬೇಕು.

ಚಿಕ್ಕಮಗಳೂರು, ಮನೆ ಡಿಸೈನ್: ಟೇಪ್ ಹಿಡಿಸಿದ್ದು ಒಳ್ಳೇದಾಯ್ತು, ನಮ್ ಕಡೆ ಹಳೇ ಮನೆ ಬಾಗಿಲು ತಲೆ ಬಗ್ಗಿಸ್ಕೊಂಡೇ ಹೋಗೋ ಹಾಗಿರುತ್ತೆ, 7 ಅಡಿ ಅಂತ ಸುಮ್ನೆ ಅಂದ್ಕೊಂಡ್ರೆ ಅಲ್ಲೇ ಎಡವಟ್ಟು. ಬಾಗಿಲ ಹತ್ರ ಒಂದಡಿಗೆ 60 ಪಿಕ್ಸೆಲ್. ಸ್ವಿಫ್ಟ್ ಎತ್ತರ ಹತ್ತತ್ರ 1530 ಮಿಲಿಮೀಟರ್, ಅಂದ್ರೆ 5 ಅಡಿ, ಅಲ್ಲಿಗೆ ಒಂದಡಿಗೆ 88. ನೆಲ ಮಟ್ಟವಾಗಿದ್ದು ಫೋನ್ ನೆಟ್ಟಗೆ ಹಿಡಿದಿದ್ರೆ ಬುಡ ಕೆಳಗೆ ಇಳಿದಷ್ಟೂ ಈ ಅಳತೆ ಒಂದೇ ಸಮ ಏರ್ತಾ ಹೋಗುತ್ತೆ. 1740ರಿಂದ 1940ಕ್ಕೆ, 200 ಪಿಕ್ಸೆಲ್ ಇಳಿಯೋದ್ರಲ್ಲಿ 28 ಏರಿದೆ, ಅಂದ್ರೆ ಅಡಿಗೆ ಒಂದು ಪಿಕ್ಸೆಲ್ ಏರೋಕೆ 7 ಪಿಕ್ಸೆಲ್ ಇಳೀಬೇಕು. ಆ ಏಳು ಇದೆಯಲ್ಲ, ಅದೇ ಕ್ಯಾಮರಾ ನೆಲದಿಂದ ಎಷ್ಟು ಅಡಿ ಮೇಲಿತ್ತು ಅನ್ನೋ ಲೆಕ್ಕ. ಫೋಟೊ ತೆಗೆದವ್ರು ಏನಾದ್ರೂ ಹತ್ತಿ ನಿಂತಿದ್ರಾ?

ಕೇಳಿದವರು: ಇಲ್ಲ, ನಾನೇ ತೆಗ್ದಿದ್ದು, ಕಣ್ಣ ಹತ್ರ ಹಿಡ್ಕೊಂಡು.

ಚಿಕ್ಕಮಗಳೂರು, ಮನೆ ಡಿಸೈನ್: ಹಂಗಾದ್ರೆ ಹೊಸ್ತಿಲು ನೆಲದ ಮೇಲಿಲ್ಲ. ಮುಂದೆ ಮೆಟ್ಟಿಲಿದೆಯಾ?

ಕೇಳಿದವರು: ಹೌದು ಸರ್, ಎರಡು ಮೆಟ್ಟಿಲು, ಒಂದಡಿ ಆಗುತ್ತೆ.

ಚಿಕ್ಕಮಗಳೂರು, ಮನೆ ಡಿಸೈನ್: ಅಲ್ಲೇ ತಪ್ಪಿರೋದು. ಒಂದಡಿ ಅಂದ್ರೆ 60 ಪಿಕ್ಸೆಲ್, ಬಾಗಿಲ ಕೆಳಗಿನ ನಿಜವಾದ ನೆಲ 1800. ಈಗ 140 ಇಳಿಯೋದ್ರಲ್ಲಿ 28 ಏರುತ್ತೆ, ಭಾಗಿಸಿದ್ರೆ 5, ಕಣ್ಣ ಹತ್ರ ಹಿಡಿದಿದ್ದಕ್ಕೆ ಸರಿ ಹೋಯ್ತು. ಕಂಬದ ಬುಡ 1800ಕ್ಕಿಂತ 30 ಕೆಳಗೆ, ಅದಕ್ಕೆ 6 ಏರಿ ಅಡಿಗೆ 66, ಒಂಬತ್ತು ಅಡಿಗೆ 594 ಪಿಕ್ಸೆಲ್. ಸರಾಸರಿ 74 ಹಿಡಿದಿದ್ರೆ 666 ಆಗಿ ಕಂಬ 10 ಅಡಿದು ಅನ್ನಿಸ್ತಿತ್ತು. ಅಂಗಳದಲ್ಲಿ ಯಾರಾದ್ರೂ ನಿಂತಿದ್ರೆ ಅವ್ರನ್ನೂ ಅಳೆದು ನೋಡಿ.

ಕೇಳಿದವರು: ತೋಟದ ಕೆಲಸದ ಅಣ್ಣ ಇದಾರೆ, ಪಾದ 1860, ನೆತ್ತಿ 1476.

ಚಿಕ್ಕಮಗಳೂರು, ಮನೆ ಡಿಸೈನ್: ಅಲ್ಲಿ ಅಡಿಗೆ 72. ಎತ್ತರ 384, ಭಾಗಿಸಿದ್ರೆ 5 ಅಡಿ 4 ಇಂಚು. ಅವ್ರ ಎತ್ತರ ಅಷ್ಟೇ ಅನ್ನಿಸಿದ್ರೆ ಲೆಕ್ಕ ನಿಂತ್ಕೊಳ್ತು.

ಸಕಲೇಶಪುರ: ಮಲೆನಾಡಲ್ಲಿ ಮಟ್ಟವಾದ ಅಂಗಳ ಎಲ್ಲಿದೆ ಸರ್? ನಮ್ಮನೆದು ಮಧ್ಯೆ ತಗ್ಗು, ಮಳೆನೀರು ಅಲ್ಲೇ ನಿಲ್ಲೋದು. ಕಂಬದ ಜಾಗನೂ ಹಂಗಿದ್ರೆ?

ಚಿಕ್ಕಮಗಳೂರು, ಮನೆ ಡಿಸೈನ್: ಆಗ ನಂದು ತಪ್ಪುತ್ತೆ. ಆ ಜಾಗ ಒಂದಡಿ ತಗ್ಗಿದ್ರೆ ಬುಡ 1830ರಲ್ಲೇ ಕಂಡ್ರೂ ಅದು ಕ್ಯಾಮರಾ ಮಟ್ಟದಿಂದ 5 ಅಡಿ ಅಲ್ಲ, 6 ಅಡಿ ಕೆಳಗೆ. ಕ್ಯಾಮರಾ ಮಟ್ಟ ಫೋಟೊದಲ್ಲಿ ಬರೋದು 1500ಕ್ಕೆ, ಅಲ್ಲಿಂದ ಬುಡಕ್ಕೆ 330 ಪಿಕ್ಸೆಲ್, ಅದನ್ನ ಆರರಿಂದ ಭಾಗಿಸ್ಬೇಕು, ಅಡಿಗೆ 55, ಕಂಬ 495ಕ್ಕೆ ಇಳಿಯುತ್ತೆ. ಫೋಟೊ ನೋಡಿ ತಗ್ಗು ಕಂಡುಹಿಡಿಯೋದು ಕಷ್ಟ, ಅದೇ ಜಾಗದಲ್ಲಿ ಒಬ್ರನ್ನ ನಿಲ್ಸಿ ಇನ್ನೊಂದು ಫೋಟೊ ತೆಗೀಬೇಕು.

ಹಾಸನ, ಸ್ಟುಡಿಯೊ: ಫೋಟೊ ಅಗಲ ಲೆನ್ಸಲ್ಲಿ ತೆಗ್ದಿದ್ರೆ ಅಂಚಲ್ಲಿರೋ ಕಾರೂ ಎಳೆದಂಗೆ ಕಾಣುತ್ತಲ್ಲ, ಆ 88ನ ಎಷ್ಟು ನಂಬೋದು?

ಕೇಳಿದವರು: ಕಾರ್ ಎಡಗಡೆ ಅಂಚಿಗೇ ಇದೆ ಸರ್. ಯಾವ ಲೆನ್ಸ್ ಅಂತ ನೋಡ್ಕೊಂಡಿರ್ಲಿಲ್ಲ. ಭಾನುವಾರ ಹೋಗ್ತೀನಿ, ಅಣ್ಣನ್ನ ಕಂಬದ ಜಾಗದಲ್ಲೇ ನಿಲ್ಸಿ, ಮಧ್ಯಕ್ಕೆ ಬರೋ ಹಾಗೆ ತೆಗ್ದು ಇಲ್ಲೇ ಅಳತೆ ಹಾಕ್ತೀನಿ.