[ಪದಚರ್ಚೆ] ಟಿಎಲ್‌ಬಿ ಮಿಸ್ಸೂ ‘ತಪ್ಪು’, ಪೇಜ್ ಫಾಲ್ಟೂ ‘ತಪ್ಪು’: ಲೆಕ್ಕಕ್ಕೆ ಮೂರು ಉತ್ತರ

ಹಾಸನದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಡಿಪ್ಲೊಮಾ ಮಕ್ಕಳಿಗೆ ಆಪರೇಟಿಂಗ್ ಸಿಸ್ಟಮ್ ಲೆಕ್ಕಗಳನ್ನು ಕನ್ನಡದಲ್ಲಿ ಕೊಡೋಣ ಅಂತ ಒಂದು ಕಿರುಹೊತ್ತಿಗೆ ಸಿದ್ಧವಾಗುತ್ತಿದೆ. ತಿದ್ದಲು ನನ್ನ ಕೈಗೆ ಬಂದ ಕರಡಿನಲ್ಲಿ ಈ ಪ್ರಶ್ನೆ ಇದೆ:

“ಟಿಎಲ್‌ಬಿ ನೋಡಲು 2 ನ್ಯಾನೋಸೆಕೆಂಡ್, ಮೆಮೊರಿಯನ್ನು ಒಮ್ಮೆ ಮುಟ್ಟಲು 100 ನ್ಯಾನೋಸೆಕೆಂಡ್. ಪೇಜ್ ಟೇಬಲ್ ಒಂದೇ ಹಂತದ್ದು. ನೂರರಲ್ಲಿ 98 ಸಲ ಟಿಎಲ್‌ಬಿಯಲ್ಲೇ ವಿಳಾಸ ಸಿಗುತ್ತದೆ, 2 ಸಲ ತಪ್ಪುತ್ತದೆ. ಲಕ್ಷಕ್ಕೊಮ್ಮೆ ಪುಟದ ತಪ್ಪಾಗಿ 8 ಮಿಲಿಸೆಕೆಂಡ್ ಹಿಡಿಯುತ್ತದೆ. ಪರಿಣಾಮಕಾರಿ ಸಮಯ ಎಷ್ಟು?”

ತರಗತಿಯಲ್ಲಿ ಕೊಟ್ಟು ನೋಡಿದೆ. ಒಬ್ಬನಿಗೆ 184 ನ್ಯಾನೋಸೆಕೆಂಡ್ ಬಂತು, ಒಬ್ಬಳಿಗೆ 105.6, ಹಿಂದಿನ ಬೆಂಚಿನವರಿಗೆ ಒಂದು ಲಕ್ಷ ಅರವತ್ತು ಸಾವಿರದ ಮೇಲೆ ಚಿಲ್ಲರೆ. ಮೂವರ ಕೂಡು-ಗುಣಾಕಾರವೂ ಸರಿಯಾಗೇ ಇದೆ, ಅದೇ ಸೋಜಿಗ. ಪ್ರಶ್ನೆಯ ಮಾತೇ ಸಡಿಲ ಅನ್ನಿಸುತ್ತದೆ. ಎರಡು ‘ತಪ್ಪು’ಗಳಿಗೆ ಬೇರೆ ಬೇರೆ ಮಾತು ಯಾವುದು ಹಾಕಬಹುದು? ‘ಪರಿಣಾಮಕಾರಿ ಸಮಯ’ ಅಂದರೆ ಮಕ್ಕಳಿಗೆ ಏನೂ ತಿಳಿಯುತ್ತಿಲ್ಲ, ‘ಸರಾಸರಿ’ ಅಂದುಬಿಟ್ಟರೆ ಏನಾದರೂ ಕೆಡುತ್ತದೆಯೇ?

ಚಿಕ್ಕಮಗಳೂರಿನಿಂದ

ಮೇಡಂ, ‘ಸರಾಸರಿ’ ಧಾರಾಳವಾಗಿ ಹಾಕಿ. ಅಲ್ಲಿ ಮಾಡುವುದೂ ಅದನ್ನೇ.

ನಾನು ಹುಡುಗರಿಗೆ ಹೇಳಿಕೊಡುವುದು ಕಾಫಿ ಕ್ಯೂರಿಂಗ್ ವರ್ಕ್ಸ್ ಲೆಕ್ಕದಲ್ಲಿ. ದಿನಾ ಬರುವ ಬೆಳೆಗಾರರ ಮೂಟೆ ಗೋದಾಮಿನ ಯಾವ ಸಾಲಿನಲ್ಲಿದೆ ಅಂತ ರೈಟರು ಒಂದು ಚೀಟಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಅದು ಟಿಎಲ್‌ಬಿ. ಆಫೀಸಿನ ದಪ್ಪ ರಿಜಿಸ್ಟರು ಪೇಜ್ ಟೇಬಲ್. ಮೂಟೆ ಗೋದಾಮಿಗೇ ಬಂದಿಲ್ಲ, ತೋಟಕ್ಕೆ ಲಾರಿ ಕಳಿಸಬೇಕು ಅಂದರೆ ಪೇಜ್ ಫಾಲ್ಟ್. ಚೀಟಿಯಲ್ಲಿ ಹೆಸರು ಸಿಗಲಿಲ್ಲ ಅಂದಮೇಲೆ ಲಾರಿ ಹೊರಡಲೇಬೇಕಲ್ಲ? ಹಾಗಾಗಿ ನೂರಕ್ಕೆ ಎರಡು ಸಲ 8 ಮಿಲಿಸೆಕೆಂಡ್ ಸೇರುತ್ತದೆ. ಹಿಂದಿನ ಬೆಂಚಿನವರೇ ಸರಿ ಅಂತ ನನ್ನ ಲೆಕ್ಕ.

ಸಕಲೇಶಪುರದಿಂದ

ಚೀಟಿ, ರಿಜಿಸ್ಟರು, ಲಾರಿ ಮೂರೂ ಚೆನ್ನಾಗಿವೆ. ಆದರೆ ನಡುವಿನ ರಿಜಿಸ್ಟರನ್ನು ನೀವೇ ತಂದು ನೀವೇ ಹಾರಿಬಿಟ್ಟಿರಿ. ಚೀಟಿಯಲ್ಲಿ ಇಲ್ಲದಿದ್ದರೆ ಮೊದಲು ರಿಜಿಸ್ಟರು ತೆಗೆಯುತ್ತಾರೆ. ಹೆಚ್ಚುಪಾಲು ಮೂಟೆ ಗೋದಾಮಿನಲ್ಲೇ ಇರುತ್ತದೆ. ಲಾರಿ ಬೇಕಾಗುವುದು ರಿಜಿಸ್ಟರಿನಲ್ಲೂ ‘ಬಂದಿಲ್ಲ’ ಅಂತ ಇದ್ದಾಗ ಮಾತ್ರ. ಟಿಎಲ್‌ಬಿ ಮಿಸ್ ಆದಾಗ ಹಾರ್ಡ್‌ವೇರ್ ಮೆಮೊರಿಯಲ್ಲಿರುವ ಪೇಜ್ ಟೇಬಲ್ ಓದಿ, ಫ್ರೇಮ್ ಸಂಖ್ಯೆಯನ್ನು ಟಿಎಲ್‌ಬಿಗೆ ತುಂಬಿ ಮುಂದೆ ಹೋಗುತ್ತದೆ. ನಷ್ಟ ಆಗುವುದು ಒಂದು ಮೆಮೊರಿ ಓದು, ಅಂದರೆ 100 ನ್ಯಾನೋಸೆಕೆಂಡ್. ಡಿಸ್ಕಿನ 8 ಮಿಲಿಸೆಕೆಂಡ್ ಅಂದರೆ 80 ಲಕ್ಷ ನ್ಯಾನೋಸೆಕೆಂಡ್. ಇವೆರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ ಉತ್ತರ ಸಾವಿರಪಟ್ಟು ಹಾರುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಪೇಜ್ ಫಾಲ್ಟ್ ಬದಿಗಿಡಿ. ಟಿಎಲ್‌ಬಿಯೇ ಇಲ್ಲದ ಯಂತ್ರದಲ್ಲಿ ಪ್ರತಿ ಸಲವೂ ಪೇಜ್ ಟೇಬಲಿಗೆ ಒಂದು ಓದು, ಡೇಟಾಕ್ಕೆ ಒಂದು ಓದು, ಒಟ್ಟು 200. ಟಿಎಲ್‌ಬಿ ಇದ್ದು ಅಲ್ಲೇ ಸಿಕ್ಕರೆ 2 + 100 = 102. ಸಿಗದಿದ್ದರೆ 2 + 100 + 100 = 202. ಕೊನೆಯ 100 ಡೇಟಾದ್ದು. ಅದನ್ನು ಬಿಟ್ಟು 102 ಬರೆಯುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ.

```
0.98 × 102 + 0.02 × 202 = 99.96 + 4.04 = 104 ns
```

200 ಇದ್ದದ್ದು 104ಕ್ಕೆ ಇಳಿಯಿತು.

ಈಗ ಪೇಜ್ ಫಾಲ್ಟ್. ಕರಡಿನಲ್ಲಿ ಬರೀ ‘ಲಕ್ಷಕ್ಕೊಮ್ಮೆ’ ಅಂತಿದೆ. ಯಾವುದರ ಲಕ್ಷಕ್ಕೆ? ಇಲ್ಲಿ ದಶಮಾಂಶ ಬಿಟ್ಟು ಒಟ್ಟು ಲೆಕ್ಕ ಹಾಕಿದರೆ ಬೇಗ ಕಾಣುತ್ತದೆ. ಮೆಮೊರಿಯನ್ನು ಒಂದು ಲಕ್ಷ ಸಲ ಮುಟ್ಟಿದೆವು ಅನ್ನಿ. ಎಲ್ಲದಕ್ಕೂ ತಲಾ 102ರಂತೆ 1,02,00,000. ಅದರಲ್ಲಿ 2,000 ಸಲ ಮಿಸ್, ತಲಾ 100 ಹೆಚ್ಚಿಗೆ, 2,00,000. ಒಂದು ಪೇಜ್ ಫಾಲ್ಟಿಗೆ 80,00,000. ಕೂಡಿದರೆ 1,84,00,000, ಲಕ್ಷದಿಂದ ಭಾಗಿಸಿದರೆ 184. ನಿಮ್ಮ ಹುಡುಗನ ಉತ್ತರ ಅದು.

ಲಕ್ಷ *ಮಿಸ್ಸಿಗೆ* ಒಂದು ಪೇಜ್ ಫಾಲ್ಟ್ ಅಂತ ಓದಿಕೊಂಡರೆ ಕಥೆ ಬೇರೆ. ಲಕ್ಷ ಮಿಸ್ ಆಗಬೇಕಾದರೆ 50 ಲಕ್ಷ ಸಲ ಮೆಮೊರಿ ಮುಟ್ಟಿರಬೇಕು. ಆ 80 ಲಕ್ಷವನ್ನು 50 ಲಕ್ಷಕ್ಕೆ ಹಂಚಿದರೆ ತಲೆಗೆ 1.6 ಮಾತ್ರ. 104ಕ್ಕೆ ಕೂಡಿಸಿ, 105.6. ಹುಡುಗಿಯೂ ತಪ್ಪಿಲ್ಲ. ಪೇಜ್ ಫಾಲ್ಟ್ ಮುಗಿದ ಮೇಲೆ ಅದೇ ಇನ್‌ಸ್ಟ್ರಕ್ಷನ್ ಮತ್ತೆ ಓಡುತ್ತದಲ್ಲ, ಆ ಸಮಯ ಎಲ್ಲಿ ಅಂತ ಯಾರಾದರೂ ಕೇಳಬಹುದು. 80 ಲಕ್ಷದ ಪಕ್ಕದಲ್ಲಿ ಅದೊಂದು ಇನ್ನೂರು, ಮುನ್ನೂರು. ಬಿಟ್ಟರೆ ಏನೂ ಆಗದು.

ಟಿಎಲ್‌ಬಿ ಉಳಿಸಿಕೊಟ್ಟದ್ದು 96. ಲಕ್ಷಕ್ಕೆ ಒಂದೇ ಒಂದು ಪೇಜ್ ಫಾಲ್ಟ್ ಅದರಲ್ಲಿ 80 ತಿಂದುಹಾಕಿತು. ಪ್ರಶ್ನೆಯಲ್ಲಿ ‘ಲಕ್ಷ’ದ ಹಿಂದಿನ ಪದ ಯಾವುದು ಅಂತ ನಾನು ಜಗಳ ತೆಗೆಯುವುದು ಅದಕ್ಕೇ.

ಮೂಡಿಗೆರೆಯಿಂದ

ನಾನು ಕಂಪ್ಯೂಟರ್ ಓದಿದವನಲ್ಲ, ತೋಟದ ಲೆಕ್ಕ ಬರೆಯುವವನು. ಆದರೆ ಪೇಜ್ ಫಾಲ್ಟಿನ ಕಾಟ ನನಗೆ ಚೆನ್ನಾಗಿ ಗೊತ್ತು. ಕೆಲಸದಾಳುಗಳ ಬಟವಾಡೆ ಹೊಡೆಯುವಾಗ ಪರದೆ ನೀಲಿಯಾಗಿ `PAGE_FAULT_IN_NONPAGED_AREA` ಅಂತ ಬಂದು ನಿಂತುಬಿಡುತ್ತದೆ. ನೀವು ಲಕ್ಷಕ್ಕೊಂದು ಅನ್ನುತ್ತೀರಿ, ನನ್ನಲ್ಲಿ ವಾರಕ್ಕೆರಡು! ಇದಕ್ಕೆ ಟಿಎಲ್‌ಬಿ ದೊಡ್ಡದು ಹಾಕಿಸಬೇಕೇ? ಎಲ್ಲಿ ಸಿಗುತ್ತದೆ?

ಸಕಲೇಶಪುರದಿಂದ

ಅಣ್ಣಾ, ಟಿಎಲ್‌ಬಿ ಪ್ರೊಸೆಸರಿನ ಒಳಗೇ ಇರುತ್ತದೆ, ಬದಲಾಯಿಸಲು ಬರುವುದಿಲ್ಲ. ನಿಮ್ಮಲ್ಲಿ ಬರುತ್ತಿರುವುದು ನಿಜಕ್ಕೂ ದೋಷ. ಎಂದಿಗೂ ಡಿಸ್ಕಿಗೆ ಹೋಗಬಾರದ ಜಾಗದಲ್ಲಿ, ಇಲ್ಲದ ವಿಳಾಸವನ್ನು ಯಾವುದೋ ಡ್ರೈವರು ಮುಟ್ಟುತ್ತಿದೆ, ಇಲ್ಲವೇ ರ‍್ಯಾಮ್ ಕೆಟ್ಟಿದೆ. ಇತ್ತೀಚೆಗೆ ಹೊಸ ಪ್ರಿಂಟರೋ ಆಂಟಿವೈರಸ್ಸೋ ಹಾಕಿಸಿದ್ದರೆ ತೆಗೆದು ನೋಡಿ. ವಿಂಡೋಸಿನಲ್ಲೇ `mdsched.exe` ಅಂತ ಇದೆ, ಅದನ್ನು ಓಡಿಸಿದರೆ ರ‍್ಯಾಮಿನ ಗುಟ್ಟು ಹೊರಬೀಳಬಹುದು.

ನಮ್ಮ ಲೆಕ್ಕದ ಪೇಜ್ ಫಾಲ್ಟ್ ಅಂಥದ್ದಲ್ಲ, ದಿನನಿತ್ಯದ್ದು. ಲಿನಕ್ಸ್ ಇರುವವರು ಯಾವುದೇ ಪ್ರೋಗ್ರಾಮಿಗೆ ಹೀಗೆ ಕೇಳಿ ನೋಡಿ:

```
perf stat -e dTLB-load-misses,minor-faults,major-faults ./a.out
```

ಮಿಸ್ಸುಗಳು ರಾಶಿ ಬೀಳುತ್ತವೆ, ಮೈನರ್ ಫಾಲ್ಟ್ ಅದಕ್ಕಿಂತ ತೀರಾ ಕಮ್ಮಿ, ಮೇಜರ್ ಬಹಳ ಸಲ ಸೊನ್ನೆ. ಮೈನರ್ ಅಂದರೆ ಡಿಸ್ಕ್ ಮುಟ್ಟದೆ, ಪೇಜ್ ಟೇಬಲಿನಲ್ಲಿ ನಮೂದು ಹಾಕಿಯೇ ಮುಗಿಯುವಂಥದ್ದು. ಹೊಸದಾಗಿ ಕೇಳಿ ಪಡೆದ ಮೆಮೊರಿಯನ್ನು ಮೊದಲ ಸಲ ಮುಟ್ಟಿದಾಗ ಆಗುವುದು ಅದು. 8 ಮಿಲಿಸೆಕೆಂಡ್ ಹಾಕಬೇಕಾದ್ದು ಮೇಜರಿಗೆ ಮಾತ್ರ. ವರ್ಚುವಲ್ ಮೆಷಿನ್ ಒಳಗೆ ಓಡಿಸಿದರೆ ಮಿಸ್ಸಿನ ಸಾಲಿನಲ್ಲಿ `<not supported>` ಬರಬಹುದು, ಗಾಬರಿ ಬೇಡ.

ಬೇಲೂರಿನಿಂದ

ಚರ್ಚೆ ಲೆಕ್ಕಕ್ಕೆ ಹೋಗಿ ಪದ ಹಿಂದೆ ಉಳಿಯಿತು. ಮಿಸ್ಸಿಗೆ ‘ಸಿಗದಿಕೆ’ ಸಾಕು, ಸಿಕ್ಕಿತು, ಸಿಗಲಿಲ್ಲ ಅಂತ ಜೋಡಿಯಾಗಿಯೂ ನಡೆಯುತ್ತದೆ. ಪೇಜ್ ಫಾಲ್ಟಿಗೆ ನನ್ನದು ‘ಪುಟಗೈರು’. ಹಾಜರಿ ಪುಸ್ತಕ ನೋಡಿದ ಯಾವ ಮಗುವಿಗೂ ಗೈರು ಗೊತ್ತು. ಗೈರಾಗುವುದು ಅಪರಾಧವಲ್ಲ, ಕರೆಸಿಕೊಂಡರಾಯಿತು. 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನಲ್ಲಿ ಪುಟ ಪದ್ಧತಿ ಬಂದಾಗ ಇದನ್ನು ಅವರು ‘ನಾನ್-ಈಕ್ವಿವಲೆನ್ಸ್ ಇಂಟರಪ್ಷನ್’ ಎಂದಿದ್ದರು: ಕೇಳಿದ ಪುಟದ ಸಂಖ್ಯೆ ಯಂತ್ರದೊಳಗಿನ ಯಾವ ರಿಜಿಸ್ಟರಿನ ಜೊತೆಗೂ ಹೊಂದಲಿಲ್ಲ, ಅಷ್ಟೇ. ಅಲ್ಲಿ ದೋಷದ ಮಾತೇ ಇರಲಿಲ್ಲ.

ಸಕಲೇಶಪುರದಿಂದ

‘ಪುಟಗೈರು’ ಚೆಂದ ಇದೆ, ಆದರೆ ನನಗೊಂದು ತಕರಾರು. ಪ್ರೋಗ್ರಾಮು ಫೋರ್ಕ್ ಆದಮೇಲೆ ತಾಯಿ, ಮಗು ಇಬ್ಬರೂ ಒಂದೇ ಪುಟವನ್ನು ‘ಓದಬಹುದು, ಬರೆಯಬಾರದು’ ಅಂತ ಹಂಚಿಕೊಂಡಿರುತ್ತಾರೆ. ಒಬ್ಬರು ಬರೆಯಲು ಹೋದರೆ ಪೇಜ್ ಫಾಲ್ಟ್ ಆಗುತ್ತದೆ, ಕರ್ನೆಲ್ ಆಗ ಪ್ರತಿ ಮಾಡಿಕೊಡುತ್ತದೆ. ಪುಟ ಹಾಜರಿದೆ, ಟಿಎಲ್‌ಬಿಯಲ್ಲೂ ನಮೂದು ಇರಬಹುದು, ಆದರೂ ಫಾಲ್ಟ್! ಇದಕ್ಕೆ ಗೈರು ಅನ್ನುವುದು ಹೇಗೆ?

ಬೇಲೂರಿನಿಂದ

ಡಿಪ್ಲೊಮಾ ಲೆಕ್ಕದಲ್ಲಿ ಆ ತಾಯಿ-ಮಗು ಬರುವುದಿಲ್ಲವಲ್ಲ. ಬಂದಾಗ ಅದಕ್ಕೆ ಬೇರೆ ಹೆಸರಿಡೋಣ.

ಚಿಕ್ಕಮಗಳೂರಿನಿಂದ

ರಿಜಿಸ್ಟರಿನ ಮಾತು ಒಪ್ಪಿದೆ ಸರ್. ಆದರೆ ಈಗಿನ ಯಂತ್ರಗಳಲ್ಲಿ ಪೇಜ್ ಟೇಬಲ್ ನಾಲ್ಕು ಹಂತದ್ದು, ಡಿಸ್ಕ್ ಜಾಗದಲ್ಲಿ ಎಸ್‌ಎಸ್‌ಡಿ. ಈ ಪ್ರಶ್ನೆಯೇ ಹಳೆಯದಾಯಿತಲ್ಲವೇ?

ಸಕಲೇಶಪುರದಿಂದ

ಸಂಖ್ಯೆ ಬದಲಾಗುತ್ತವೆ, ದಾರಿ ಅದೇ. ನಾಲ್ಕು ಹಂತ ಅಂದರೆ ಮಿಸ್ಸಿಗೆ ನಾಲ್ಕು ಓದು ಹೆಚ್ಚಿಗೆ, 400. ಸರಾಸರಿ 102 + 0.02 × 400 = 110. ಟಿಎಲ್‌ಬಿ ಇಲ್ಲದಿದ್ದರೆ ಅಲ್ಲಿ 500 ಆಗುತ್ತಿತ್ತು, ಹಾಗಾಗಿ ಹಂತ ಹೆಚ್ಚಿದಷ್ಟೂ ಅದರ ಬೆಲೆ ಹೆಚ್ಚು. ವಾಸ್ತವದಲ್ಲಿ ಪೇಜ್ ಟೇಬಲಿನ ಎಷ್ಟೋ ನಮೂದುಗಳು ಕ್ಯಾಶಿನಲ್ಲೇ ಸಿಗುವುದರಿಂದ ಪೂರ್ತಿ 400 ಬೀಳುವುದು ಅಪರೂಪ. ಎಸ್‌ಎಸ್‌ಡಿಗೆ 100 ಮೈಕ್ರೋಸೆಕೆಂಡ್ ಅಂತ ಹಿಡಿದರೆ, ಲಕ್ಷ ಸಲಕ್ಕೆ ಒಂದು ಪೇಜ್ ಫಾಲ್ಟ್ ಆದಾಗ ಸೇರುವುದು 80 ಅಲ್ಲ, 1.

98 ಅನ್ನುವ ಅಂಕಿ ಮಾತ್ರ ದೇವರು ಕೊಟ್ಟದ್ದಲ್ಲ. ಇಂಟೆಲಿನ ಸ್ಕೈಲೇಕ್ ಪ್ರೊಸೆಸರಿನ ಎರಡನೇ ಹಂತದ ಟಿಎಲ್‌ಬಿಯಲ್ಲಿ 1,536 ನಮೂದುಗಳಿವೆ. 4 ಕೆಬಿ ಪುಟವಾದರೆ ಒಟ್ಟು 6 ಎಂಬಿ ವ್ಯಾಪ್ತಿ. ದೊಡ್ಡ ಮ್ಯಾಟ್ರಿಕ್ಸನ್ನು ಸಿ ಭಾಷೆಯಲ್ಲಿ ಅಡ್ಡಸಾಲು ಹಿಡಿದು ಕೂಡಿದರೆ ಒಂದು ಪುಟದ ಎಲ್ಲ ಅಂಕಿ ಮುಗಿಸಿ ಮುಂದಿನ ಪುಟಕ್ಕೆ ಹೋಗುತ್ತೀರಿ. ಕಂಬಸಾಲು ಹಿಡಿದರೆ, ಒಂದು ಅಡ್ಡಸಾಲು 4 ಕೆಬಿಗಿಂತ ಉದ್ದವಿದ್ದಾಗ, ಹೆಜ್ಜೆಗೊಂದು ಹೊಸ ಪುಟ. ಇಡೀ ಮ್ಯಾಟ್ರಿಕ್ಸ್ ರ‍್ಯಾಮಿನಲ್ಲೇ ಇದ್ದರೂ, ಒಂದೇ ಒಂದು ಮೇಜರ್ ಫಾಲ್ಟ್ ಆಗದಿದ್ದರೂ, ಮಿಸ್ಸುಗಳು ಮಾತ್ರ ಏರುತ್ತಲೇ ಹೋಗುತ್ತವೆ. ಮೇಲೆ ಕೊಟ್ಟ `perf` ಸಾಲಿನಲ್ಲಿ ಎರಡನ್ನೂ ಓಡಿಸಿದರೆ ಮಕ್ಕಳ ಕಣ್ಣಿಗೇ ಕಾಣುತ್ತದೆ.

ಹಾಸನದಿಂದ

ಎಲ್ಲರಿಗೂ ಧನ್ಯವಾದ. ಕಡೆಯ ಎರಡು ವಾಕ್ಯಗಳನ್ನು ಹೀಗೆ ತಿದ್ದಿದ್ದೇನೆ: “ಮೆಮೊರಿಯನ್ನು ಮುಟ್ಟುವ ಪ್ರತಿ ಒಂದು ಲಕ್ಷ ಸಲಕ್ಕೆ ಒಮ್ಮೆ ಪುಟ ಮೆಮೊರಿಯಲ್ಲಿ ಇರುವುದಿಲ್ಲ, ಡಿಸ್ಕಿನಿಂದ ತರಲು 8 ಮಿಲಿಸೆಕೆಂಡ್ ಬೇಕು. ಒಂದು ಸಲ ಮುಟ್ಟಲು ಸರಾಸರಿ ಎಷ್ಟು ಸಮಯ?” ಉತ್ತರ 184. ‘ಲಕ್ಷ ಮಿಸ್ಸಿಗೆ’ ಎನ್ನುವುದನ್ನು ಮುಂದಿನ ಪ್ರಶ್ನೆಯಾಗಿ ಬೇರೆ ಇಟ್ಟಿದ್ದೇನೆ. ‘ಸಿಗಲಿಲ್ಲ’ ಹಾಕಿದ್ದೇನೆ. ‘ಪುಟಗೈರು’ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆ, ಹೊತ್ತಿಗೆ ಅಚ್ಚಿಗೆ ಹೋಗುವ ಮುಂಚೆ ಬೇರೆ ಯಾರಿಗಾದರೂ ಹೊಳೆದರೆ ತಿಳಿಸಿ.