ಅಪ್‌ಡೇಟ್: ಕೊಪ್ಪಳದ ವಕೀಲರ ಆಫೀಸಿನ ತಪ್ಪುಗಳ ವಹಿ

ನನ್ನ ಪ್ರಶ್ನೆ: "ದಾವೆಯ ಷೆಡ್ಯೂಲ್‌ನಲ್ಲಿ ಸರ್ವೆ ನಂಬರ್, ಚೆಕ್ಕುಬಂದಿ ಪದೇ ಪದೇ ತಪ್ಪಾಗುತ್ತಿವೆ. ಏನು ಮಾಡೋದು?"

ನೀವು ಹೇಳಿದಂತೆ ವಹಿ ಇಟ್ಟೆವು. ತಪ್ಪು ಏನು, ಎಲ್ಲಿಂದ ಬಂತು, ಯಾರ ಕಣ್ಣಿಗೆ ಬಿತ್ತು, ಇಷ್ಟೇ ಕಾಲಂ. ಯಾರು ಮಾಡಿದರು ಅನ್ನೋ ಕಾಲಂ ಬೇಡವೆಂದೆವು. ಅದಿದ್ದರೆ ಯಾರೂ ಬರೆಯೋದಿಲ್ಲ, ಅಲ್ವಾ?

'ಎಲ್ಲಿಂದ ಬಂತು' ಕಾಲಂನಲ್ಲೇ ಗುಟ್ಟು ಸಿಕ್ಕಿತು. ಜಾಸ್ತಿ ತಪ್ಪು ಬಂದದ್ದು ಹಳೇ ದಾವೆಯ ಫೈಲ್ ಮೇಲೇ ಹೊಸದನ್ನು ಟೈಪ್ ಮಾಡೋದರಿಂದ. ಹಿಂದಿನ ಕಕ್ಷಿದಾರರ ಚೆಕ್ಕುಬಂದಿ ಹಾಗೇ ಉಳಿಯುತ್ತಿತ್ತು. ಈಗ ಷೆಡ್ಯೂಲ್ ಖಾಲಿ ಇರುವ ನಮೂನೆಯಿಂದಲೇ ಶುರು ಮಾಡುತ್ತೇವೆ.

ಎರಡನೇ ಓದು ಟೈಪ್ ಮಾಡದವರದ್ದು. ಅವರು ಕರಡು ನೋಡೋದಿಲ್ಲ. ಪಹಣಿಯಿಂದ ಸರ್ವೆ ನಂಬರ್, ವಿಸ್ತೀರ್ಣ, ಕ್ರಯಪತ್ರದಿಂದ ಚೆಕ್ಕುಬಂದಿ ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬರು ಕರಡಿನಲ್ಲಿ ಗುರುತು ಹಾಕುತ್ತಾರೆ. ಮೊನ್ನೆ ಹೀಗೇ 2 ಎಕರೆ 14 ಗುಂಟೆ ಬದಲು 2 ಎಕರೆ 41 ಗುಂಟೆ ಸಿಕ್ಕಿತು. 40 ಗುಂಟೆಗೇ ಎಕರೆ! ಕರಡನ್ನಷ್ಟೇ ಓದಿದವರಿಗೆ ಅದು ಕಂಡಿರಲಿಲ್ಲ.

ಡಿಕ್ರಿ ಆದಮೇಲೆ ಇಂಥದ್ದು ಸಿಕ್ಕರೆ ತಿದ್ದುಪಡಿಗೆ ಮತ್ತೆ ಅರ್ಜಿ ಹಾಕಬೇಕು, ಕಕ್ಷಿದಾರರು ಅಲ್ಲೀತನಕ ಕಾಯಬೇಕು.

ಒಂದು ಕೊರತೆ ಉಳಿದಿದೆ. ಪಹಣಿಯೇ ಹಳೇದಾದರೆ ಈ ಓದು ಹಿಡಿಯೋದಿಲ್ಲ. ಹಾಗಾಗಿ ದಾವೆ ಹಾಕುವ ವಾರವೇ ಹೊಸ ಪಹಣಿ ತೆಗೆಸುತ್ತಿದ್ದೇವೆ.