ಪದಚರ್ಚೆ: ಮರದ ‘ನೆರಳು’ ಅಳೆಯಿರಿ ಅಂದರೆ ಎಲ್ಲಿಂದ ಎಲ್ಲಿಗೆ?

ಉಡುಪಿ ಹತ್ತಿರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಮೊನ್ನೆ ಹತ್ತನೇ ಕ್ಲಾಸಿನವರಿಗೆ ‘ತೆಂಗಿನ ಮರದ ನೆರಳನ್ನು ಅಳೆದು ಎತ್ತರ ಹೇಳಿ’ ಎಂದು ಬರೆದುಕೊಟ್ಟೆ. ನೆಟ್ಟಗೆ ನಿಲ್ಲಿಸಿದ 1 ಮೀಟರ್ ಕೋಲಿನ ನೆರಳು 80 ಸೆಂ.ಮೀ. ಇತ್ತು. ಒಂದು ಗುಂಪು ಬುಡದಿಂದ ಟೇಪ್ ಹಿಡಿದು 14.4 ಮೀಟರ್ ಅಂದಿತು. 0.8ರಿಂದ ಭಾಗಿಸಿದರೆ ಎತ್ತರ 18 ಮೀಟರ್. ಇನ್ನೊಂದು ಗುಂಪು ಮಡಲುಗಳ ನೆರಳು ಬಿದ್ದ ಜಾಗವನ್ನು ಮಾತ್ರ ಅಡ್ಡಕ್ಕೆ ಅಳೆಯಿತು, 5 ಮೀಟರ್. ಅವರ ಮರ ಆರು ಮೀಟರ್ ಚಿಲ್ಲರೆ! ಕೇಳಿದರೆ, ‘ಕೂರುವ ನೆರಳು ಅಷ್ಟೇ ಅಲ್ವಾ ಸರ್?’ ಅಂದರು. ತಪ್ಪು ಅವರದ್ದೋ ನನ್ನ ವಾಕ್ಯದ್ದೋ? ಬೇರೆ ಪದ ಇದೆಯೇ?

ಮಣಿಪಾಲದಿಂದ:
1150ರ ಲೀಲಾವತಿಯಲ್ಲಿ ಇಂಥ ಲೆಕ್ಕಗಳಿಗೆ ‘ಛಾಯಾ ವ್ಯವಹಾರ’ ಎಂದೇ ಹೆಸರು. ಅಲ್ಲಿ ನೆಟ್ಟ ಕೋಲು ‘ಶಂಕು’, ಉದ್ದ 12 ಅಂಗುಲ. ಆದರೆ ಇವತ್ತು ಶಂಕು ಅಂದರೆ ಮಕ್ಕಳು ಐಸ್‌ಕ್ರೀಮ್ ಕೋನ್ ಬರೆಯುತ್ತಾರೆ. ಹಾಗಾಗಿ ಹಳೇ ಪದ ಬೇಡ. ‘ಬುಡದಿಂದ ಸುಳಿಯ ನೆರಳಿನವರೆಗೆ’ ಎಂದು ಎರಡೂ ಕೊನೆ ಹೇಳಿಬಿಡಿ. ಸುಳಿ ಯಾಕೆಂದರೆ, ಹೊರಗೆ ಚಾಚಿದ ಮಡಲಿನ ನೆರಳೇ ಎಲ್ಲಕ್ಕಿಂತ ದೂರ ಬಿದ್ದಿರಬಹುದು, ಅದು ಮರದ ತುದಿಯಲ್ಲ. ಸುಳಿಯ ನೆರಳಿಗೂ ಚೂಪಾದ ಅಂಚು ಸಿಗದು. ಸೂರ್ಯ ಚುಕ್ಕೆಯಲ್ಲ, ತಟ್ಟೆ. ನಿಮ್ಮ ಮರಕ್ಕೆ ಅಂಚು ಒಂದು ಗೇಣಿನಷ್ಟಾದರೂ ಮಸುಕಾಗಿರುತ್ತದೆ. ಮಸುಕಿನ ನಡುವೆ ಗುರುತು ಹಾಕಿಸಿ.

ಸುರತ್ಕಲ್‌ನಿಂದ:
ಇಷ್ಟೆಲ್ಲ ಯಾಕೆ? ಕೋಲಿನ ನೆರಳು ಕೋಲಿನಷ್ಟೇ ಆಗುವವರೆಗೆ ಕಾಯಿರಿ. ಆಗ ಮರದ ನೆರಳೇ ಮರದ ಎತ್ತರ. ತ್ರಿಭುಜಗಳು ಸರ್ವಸಮ ಆದಾಗ ಮಾತ್ರ ಈ ಲೆಕ್ಕ ಕೂಡುವುದು.

ಮಣಿಪಾಲದಿಂದ:
ಕಾಯುವ ಉಪಾಯ ಸರಿ, ಪದ ತಪ್ಪು. 1 ಮೀಟರಿನದ್ದೂ 18 ಮೀಟರಿನದ್ದೂ ಸರ್ವಸಮ ಹೇಗಾಗುತ್ತವೆ? ಅವು ಸಮರೂಪ. ಬಿಸಿಲಿನ ಓರೆ ಎರಡಕ್ಕೂ ಒಂದೇ ಇದ್ದರೆ ಸಾಕು. ಅದಕ್ಕೇ ಎರಡನ್ನೂ ಒಂದೇ ಹೊತ್ತಿಗೆ ಅಳೆಯಬೇಕು, ಊಟ ಮುಗಿಸಿ ಬಂದಲ್ಲ.

ಕಟಪಾಡಿಯಿಂದ:
ನಮ್ಮ ಅಂಗಳಕ್ಕೆ ಪಕ್ಕದ ಹೊಸ ಕಟ್ಟಡದ ನೆರಳು ಬಿದ್ದು ಅಡಿಕೆ ಒಣಗುವುದಿಲ್ಲ. ಏಪ್ರಿಲ್ ಕೊನೆಗೆ ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದು ನೆರಳೇ ಇಲ್ಲದ ದಿನವೊಂದಿದೆ, ಅಂದು ಮಾತ್ರ ನೆಮ್ಮದಿ. ಇದಕ್ಕೆ ಪದ ಕೊಡಿ ನೋಡೋಣ!

ಮತ್ತೆ ಉಡುಪಿಯಿಂದ:
ನಿಮ್ಮ ಅಡಿಕೆಯಿಂದ ನನಗೊಂದು ದಾರಿ ಸಿಕ್ಕಿತು. ನೆರಳು ‘ಬೀಳುವುದು’ ಬೇರೆ, ನೆರಳಲ್ಲಿ ‘ಕೂರುವುದು’ ಬೇರೆ. ನಾಮಪದ ಒಂದೇ ಆದರೂ ಕ್ರಿಯಾಪದ ಬೇರೆ ಮಾಡುತ್ತದೆ. ‘ನೆಲದ ಮೇಲೆ ಬಿದ್ದ ನೆರಳಿನ ಉದ್ದ, ಬುಡದಿಂದ’ ಎಂದು ತಿದ್ದಿದ್ದೇನೆ. ಆದರೆ ನಮ್ಮ ಕಡಲ ಕರೆಯ ಮರಗಳು ಬಾಗಿರುತ್ತವಲ್ಲ? ಅಲ್ಲಿ ಅಳತೆ ಶುರುವಾಗಬೇಕಾದದ್ದು ಬುಡದಿಂದಲ್ಲ, ಸುಳಿಯ ನೇರ ಕೆಳಗಿನ ನೆಲದಿಂದ. ಆ ಜಾಗಕ್ಕೆ ತೆಂಗು ಹತ್ತುವವರು ಏನಾದರೂ ಹೆಸರು ಇಟ್ಟಿದ್ದಾರಾ?